ಟ್ಯೂಷನ್ ಕೇಂದ್ರದ ವೆಬ್‌ಸೈಟನ್ನು ನಾನು ಮೊದಲು ಕಾರ್ಡುಗಳ ಮೇಲೆ ಕಟ್ಟಿದ್ದು

ದಾವಣಗೆರೆಯ ಒಂದು ಬಡಾವಣೆಯಲ್ಲಿ ದಂಪತಿ ಶಿಕ್ಷಕರು ನಡೆಸುವ ಟ್ಯೂಷನ್ ಕೇಂದ್ರಕ್ಕೆ ವೆಬ್‌ಸೈಟ್ ಮಾಡಿಕೊಡುವ ಕೆಲಸವನ್ನು ಒಪ್ಪಿಕೊಂಡಾಗ, ಹಿಂದಿನ ಕೆಲಸವೊಂದರಲ್ಲಿ ನಾನು ಮಾಡಿದ್ದ ತಪ್ಪು ಇನ್ನೂ ನೆನಪಿನಲ್ಲಿತ್ತು. ಆ ಸಲ ನೇರವಾಗಿ ಕಂಪ್ಯೂಟರಿನ ಮುಂದೆ ಕುಳಿತು, ಕೊಂಡು ತಂದ ಸಿದ್ಧ ವಿನ್ಯಾಸದ ಥೀಮಿನಲ್ಲಿದ್ದ ಮೆನುವಿಗೆ ಕನ್ನಡದ ಹೆಸರುಗಳನ್ನು ತುಂಬುತ್ತಾ ಹೋಗಿದ್ದೆ. ಕೊನೆಗೆ ಮೆನುವಿನಲ್ಲಿ ಹನ್ನೊಂದು ಹೆಸರುಗಳಿದ್ದವು. ಅವುಗಳಲ್ಲಿ ನಾಲ್ಕನ್ನು ಒತ್ತಿದರೆ ‘ಶೀಘ್ರದಲ್ಲೇ’ ಎಂಬ ಒಂದೇ ಪದ ಕಾಣುತ್ತಿತ್ತು. ಆದ್ದರಿಂದ ಈ ಸಲ ಪುಟಗಳೂ ಮೆನುವೂ ಕಾಗದದ ಮೇಲೆ ತೀರ್ಮಾನವಾಗುವವರೆಗೆ ಲ್ಯಾಪ್‌ಟಾಪ್ ತೆರೆಯಬಾರದೆಂದು ನಿರ್ಧರಿಸಿದೆ. ಕಾಗದವೆಂದರೆ ಮನೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಮದುವೆ ಕರೆಯೋಲೆಗಳು. ಅವುಗಳ ಖಾಲಿ ಬದಿಯನ್ನು ಅಂಚೆಕಾರ್ಡಿನ ಅಳತೆಗೆ ಕತ್ತರಿಸಿಕೊಂಡೆ. ದಪ್ಪಗಿರುವುದರಿಂದ ಮೇಜಿನ ಮೇಲೆ ಸರಿಸಿಡಲು ಅವು ಬಿಳಿ ಹಾಳೆಗಿಂತ ಅನುಕೂಲ.

ಆದರೆ ಕಾರ್ಡುಗಳ ಮೇಲೆ ಬರೆಯುವುದಕ್ಕೂ ಮೊದಲು ಇನ್ನೊಂದು ಕೆಲಸವಿತ್ತು. ಕೇಂದ್ರಕ್ಕೆ ಬರುವ ಫೋನ್ ಕರೆಗಳನ್ನು ತೆಗೆದುಕೊಳ್ಳುವವರು ಮೇಡಂ. ಅವರ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಹತ್ತು ದಿನ ಯಾರೇ ಹೊಸಬರು ಕರೆ ಮಾಡಿದರೂ ಅವರು ಕೇಳಿದ ಮೊದಲ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದಿಡಬೇಕೆಂದು ಕೋರಿದೆ. ಹತ್ತು ದಿನಗಳಲ್ಲಿ 41 ಕರೆಗಳು ಬಂದಿದ್ದವು. ಅವುಗಳಲ್ಲಿ 29 ಕರೆಗಳ ಮೊದಲ ಮಾತು ತರಗತಿಯದೇ ಆಗಿತ್ತು: ‘ನೈಂತ್ ತಗೋತೀರಾ ಮೇಡಂ?’, ‘ಸೆಕೆಂಡ್ ಪಿಯುಗೆ ಮಾಡ್ತೀರಾ?’ ಎಂಬ ಬಗೆಯವು. ಉಳಿದವರು ಶುಲ್ಕವನ್ನೋ, ಕನ್ನಡ ಮಾಧ್ಯಮದ ಮಕ್ಕಳನ್ನು ಸೇರಿಸಿಕೊಳ್ಳುತ್ತೀರಾ ಎಂಬುದನ್ನೋ ಮೊದಲು ಕೇಳಿದ್ದರು. ಸಾರ್ ಅವರು ತಮ್ಮ ಮನಸ್ಸಿನಲ್ಲಿ ಮೊದಲ ಸ್ಥಾನ ಕೊಟ್ಟಿದ್ದ ‘ನಮ್ಮ ಧ್ಯೇಯ ಮತ್ತು ದೃಷ್ಟಿ’ಯ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ. ಅವರೇ ನೋಟ್‌ಬುಕ್ಕನ್ನು ಎರಡು ಸಲ ತಿರುವಿ ಹಾಕಿ ನಕ್ಕರು.

ಸಾರ್ ಅವರು ಬರೆದುಕೊಂಡು ಬಂದಿದ್ದ ಪುಟಗಳ ಪಟ್ಟಿ ವಿಷಯವಾರು ಇತ್ತು. ಗಣಿತದ ಕೆಳಗೆ ಎಂಟು, ಒಂಬತ್ತು, ಎಸ್ಸೆಸ್ಸೆಲ್ಸಿ, ಪ್ರತಿಯೊಂದರ ಕೆಳಗೆ ಕನ್ನಡ ಮಾಧ್ಯಮ ಮತ್ತು ಇಂಗ್ಲಿಷ್ ಮಾಧ್ಯಮ, ವಿಜ್ಞಾನಕ್ಕೂ ಹಾಗೆಯೇ. ಅಲ್ಲಿಗೇ 12 ಪುಟಗಳಾದವು. ಪಿಯುಸಿಯ ಎರಡು ವರ್ಷಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂದು ಇನ್ನೂ 8 ಸೇರಿ ಒಟ್ಟು 20. ಶಿಕ್ಷಕರು ತಮ್ಮ ಕೆಲಸವನ್ನು ವಿಷಯದ ಮೂಲಕ ನೋಡುವುದು ಸಹಜ, ಏಕೆಂದರೆ ಅವರು ಪಾಠ ಮಾಡುವುದು ವಿಷಯವನ್ನು. ಆದರೆ ಕರೆ ಮಾಡುವ ತಾಯಿಗೆ ತನ್ನ ಮಗ ಯಾವ ತರಗತಿಯಲ್ಲಿದ್ದಾನೆ ಎಂಬುದೇ ಮೊದಲ ಗುರುತು.

ವಾದ ಮಾಡುವ ಬದಲು ಇಪ್ಪತ್ತು ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿ, ಪ್ರತಿ ಪುಟದಲ್ಲಿ ನಿಜಕ್ಕೂ ಏನು ಬರೆಯುತ್ತೀರಿ ಎಂಬುದನ್ನು ಆಯಾ ಕಾರ್ಡಿನ ಮೇಲೆ ಐದಾರು ಸಾಲುಗಳಲ್ಲಿ ಬರೆಯಿರಿ ಎಂದು ಕೇಳಿಕೊಂಡೆ. ‘ಒಂಬತ್ತನೇ ತರಗತಿ, ಗಣಿತ, ಕನ್ನಡ ಮಾಧ್ಯಮ’ ಎಂಬ ಕಾರ್ಡು ತುಂಬಿತು. ಪಕ್ಕದ ಇಂಗ್ಲಿಷ್ ಮಾಧ್ಯಮದ ಕಾರ್ಡಿಗೆ ಬಂದಾಗ ಬದಲಾದದ್ದು ಒಂದೇ ಸಾಲು. ವಿಜ್ಞಾನದ ಕಾರ್ಡಿನಲ್ಲಿ ಬದಲಾದದ್ದು ಎರಡು ಸಾಲು: ವಿಷಯದ ಹೆಸರು ಮತ್ತು ವಾರದ ದಿನಗಳು. ಏಳನೆಯ ಕಾರ್ಡಿನ ಹೊತ್ತಿಗೆ ಸಾರ್ ಪೆನ್ನು ಕೆಳಗಿಟ್ಟರು. ‘ಇದನ್ನೆಲ್ಲ ಒಂದೇ ಕಡೆ ಟೇಬಲ್ ಹಾಕಿಬಿಟ್ಟರೆ ಆಗಲ್ವಾ?’ ಎಂದು ಅವರೇ ಕೇಳಿದರು. ಅಂದಿನಿಂದ ನಾನು ಇಟ್ಟುಕೊಂಡಿರುವ ಅಳತೆ ಇದು: ಎರಡು ಕಾರ್ಡುಗಳ ನಡುವಿನ ವ್ಯತ್ಯಾಸ ಎರಡು ಸಾಲುಗಳನ್ನು ಮೀರದಿದ್ದರೆ ಅವು ಎರಡು ಪುಟಗಳಲ್ಲ, ಒಂದು ಪುಟದೊಳಗಿನ ಕೋಷ್ಟಕದ ಎರಡು ಅಡ್ಡಸಾಲುಗಳು.

ಹೀಗೆ ಇಪ್ಪತ್ತು ಕಾರ್ಡುಗಳು ನಾಲ್ಕಾದವು. ಎಂಟು ಮತ್ತು ಒಂಬತ್ತನೇ ತರಗತಿಗಳು ಒಂದೇ ಪುಟಕ್ಕೆ ಬಂದವು, ಏಕೆಂದರೆ ಎರಡೂ ಸಂಜೆ ಐದೂವರೆಯ ಬ್ಯಾಚುಗಳು ಮತ್ತು ಶುಲ್ಕವೂ ಒಂದೇ. ಎಸ್ಸೆಸ್ಸೆಲ್ಸಿ ಪ್ರತ್ಯೇಕವಾಗಿ ನಿಂತಿತು. ಪಿಯುಸಿಯ ಎರಡು ವರ್ಷಗಳನ್ನು ಒಂದು ಮಾಡಬಹುದೆಂದು ಮೊದಲು ನನಗೆ ಅನ್ನಿಸಿತ್ತು; ಎರಡೂ ಕಾಲೇಜಿಗೆ ಮುಂಚಿನ ಬೆಳಗಿನ ಬ್ಯಾಚುಗಳೇ. ಆದರೆ ದ್ವಿತೀಯ ಪಿಯುಸಿಯ ಕಾರ್ಡಿನ ಮೇಲೆ ಸಿಇಟಿಗಾಗಿ ನಡೆಸುವ ಭಾನುವಾರದ ಪರೀಕ್ಷೆ, ಅದರ ಪ್ರತ್ಯೇಕ ಶುಲ್ಕ, ವಾರ್ಷಿಕ ಪರೀಕ್ಷೆಯ ನಂತರದ ಒಂದು ತಿಂಗಳ ತರಬೇತಿ ಎಂದು ಸಾಲುಗಳು ಬೆಳೆದದ್ದರಿಂದ ಅದನ್ನು ಬೇರೆಯಾಗಿಯೇ ಉಳಿಸಿದೆವು.

ಪ್ರತಿ ಕಾರ್ಡಿನ ಹಿಂಬದಿಯಲ್ಲಿ, ಬಣ್ಣದ ಗಣಪತಿಯ ಚಿತ್ರದ ಸುತ್ತ ಉಳಿದ ಜಾಗದಲ್ಲಿ, ಎರಡು ಸಂಗತಿಗಳನ್ನು ಬರೆಸಿದೆ: ಈ ಪುಟದ ಬರಹವನ್ನು ಯಾರು ಕೊಡುತ್ತಾರೆ, ಮತ್ತು ಇದು ವರ್ಷದಲ್ಲಿ ಎಷ್ಟು ಸಲ ಬದಲಾಗುತ್ತದೆ. ಹಿಂಬದಿ ಖಾಲಿ ಉಳಿದ ಕಾರ್ಡಿಗೆ ಮೆನುವಿನಲ್ಲಿ ಜಾಗವಿಲ್ಲ ಎಂಬುದು ನಮ್ಮ ಒಪ್ಪಂದ. ‘ಗ್ಯಾಲರಿ’ ಮತ್ತು ‘ಬ್ಲಾಗ್’ ಅಲ್ಲಿಗೇ ಬಿದ್ದವು. ‘ಫಲಿತಾಂಶ’ದ ಕಾರ್ಡು ಮಾತ್ರ ಕಷ್ಟ ಕೊಟ್ಟಿತು. ಹೆಚ್ಚು ಅಂಕ ತೆಗೆದ ಮಕ್ಕಳ ಭಾವಚಿತ್ರಗಳು ಸಾರ್ ಅವರ ಮೊಬೈಲಿನಲ್ಲಿದ್ದವು, ಆದರೆ ಯಾವ ಪೋಷಕರನ್ನೂ ಕೇಳಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳೆಲ್ಲರೂ ಹೆಚ್ಚುಕಡಿಮೆ ಆ ವಯಸ್ಸಿನೊಳಗಿನವರೇ. ಕಾಯ್ದೆಯನ್ನು ಬದಿಗಿಟ್ಟು ನೋಡಿದರೂ ಬೇರೆಯವರ ಮಗಳ ಚಿತ್ರವನ್ನು ಕೇಳದೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಒಪ್ಪಿಗೆ ಪತ್ರಗಳು ಬರುವವರೆಗೆ ಆ ಕಾರ್ಡನ್ನು ಪಕ್ಕಕ್ಕಿಟ್ಟೆವು.

ಇನ್ನು ಮೆನುವಿನ ಹೆಸರುಗಳು. ಮೊಬೈಲ್ ಪರದೆಯ ಅಳತೆಗೆ ಕಾಗದ ಕತ್ತರಿಸಿ, ಅದರ ಮೇಲೆ ಮೆನುವನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು, ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಐವರು ಪೋಷಕರ ಮುಂದೆ ಒಬ್ಬೊಬ್ಬರಾಗಿ ಹಿಡಿದೆ. ‘ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮಕ್ಕೆ ಫೀಸ್ ಎಷ್ಟು ಅಂತ ನೋಡಬೇಕು, ಎಲ್ಲಿ ಒತ್ತುತ್ತೀರಿ?’ ಎಂದು ಕೇಳಿ ಅವರ ಬೆರಳನ್ನು ನೋಡುತ್ತಾ ನಿಂತೆ. ಸಹಾಯ ಮಾಡದೆ ಸುಮ್ಮನಿರುವುದೇ ಇಲ್ಲಿನ ಕಷ್ಟದ ಭಾಗ. ‘ಶುಲ್ಕ’ ಎಂಬ ಪ್ರತ್ಯೇಕ ಹೆಸರು ಇದ್ದರೂ ಮೂವರ ಬೆರಳು ಅದಕ್ಕಿಂತ ಮೇಲಿದ್ದ ‘ಪ್ರವೇಶ’ದ ಮೇಲೆ ಹೋಯಿತು. ಸೇರಿಸುವ ಮಾತೂ ಹಣದ ಮಾತೂ ಅವರ ಮನಸ್ಸಿನಲ್ಲಿ ಒಂದೇ ಆಗಿರುವುದರಿಂದ ಎರಡು ಕಾರ್ಡುಗಳನ್ನೂ ಕೂಡಿಸಿ ‘ಪ್ರವೇಶ ಮತ್ತು ಶುಲ್ಕ’ ಎಂದು ಮಾಡಿದೆವು.

ನಾನು ಊಹಿಸದೇ ಇದ್ದದ್ದು ‘ವೇಳಾಪಟ್ಟಿ’ಯ ಪಾಡು. ಬ್ಯಾಚುಗಳ ಸಮಯ ತಿಳಿಸಲೆಂದು ನಾನು ಆ ಹೆಸರಿನ ಪುಟವೊಂದನ್ನು ಇಟ್ಟಿದ್ದೆ. ಒಬ್ಬ ತಂದೆ ಅದರ ಮೇಲೆ ಬೆರಳಿಟ್ಟು, ‘ಎಕ್ಸಾಂ ಟೈಮ್ ಟೇಬಲ್ ಇಲ್ಲೇ ಹಾಕ್ತೀರಾ ಸಾರ್, ಒಳ್ಳೇದಾಯ್ತು’ ಎಂದರು. ಮತ್ತಿಬ್ಬರೂ ಅದನ್ನು ಪರೀಕ್ಷೆಯ ವೇಳಾಪಟ್ಟಿ ಎಂದೇ ತಿಳಿದಿದ್ದರು. ಪತ್ರಿಕೆಗಳಲ್ಲಿ ಆ ಪದವನ್ನು ನಾವೆಲ್ಲ ನೋಡುವುದು ಅದೇ ಅರ್ಥದಲ್ಲಿ. ಹೆಸರು ಬದಲಿಸಲು ಹೊರಟಾಗ, ಬ್ಯಾಚಿನ ಸಮಯ ಹೇಗೂ ಆಯಾ ತರಗತಿಯ ಪುಟದಲ್ಲಿಯೇ ಇದೆಯೆಂಬುದು ಗಮನಕ್ಕೆ ಬಂತು. ಒಂದೇ ಮಾಹಿತಿ ಎರಡು ಕಡೆ ಇದ್ದರೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಖಂಡಿತ. ಆ ಕಾರ್ಡನ್ನೇ ತೆಗೆದುಹಾಕಿ, ತರಗತಿಯ ಪುಟಗಳೊಳಗೆ ‘ಬ್ಯಾಚ್ ಸಮಯ’ ಎಂಬ ತಲೆಬರಹ ಇಟ್ಟೆವು.

‘ತರಗತಿಗಳು’ ಎಂಬ ಕಾರ್ಡಿನ ವಿಚಿತ್ರವೂ ಇಲ್ಲಿಯೇ ಬಯಲಾಯಿತು. ನಾಲ್ಕು ಪುಟಗಳನ್ನು ಒಂದೆಡೆ ಹಿಡಿಯಲು ಅದನ್ನು ಬರೆದಿದ್ದೆ. ಅದರ ಮೇಲೆ ಬರೆಯಲು ಒಂದು ಸಾಲೂ ಇರಲಿಲ್ಲ. ಅದು ಪುಟವಲ್ಲ, ಬರಿಯ ಶೀರ್ಷಿಕೆ. ಆದ್ದರಿಂದ ಮೊಬೈಲಿನಲ್ಲಿ ಅದನ್ನು ಒತ್ತಿ ಬಿಚ್ಚುವಂತೆ ಮಾಡದೆ, ನಾಲ್ಕು ತರಗತಿಗಳನ್ನೂ ಮೆನುವಿನಲ್ಲಿ ನೇರವಾಗಿ ಕಾಣುವಂತೆ ಇಟ್ಟೆ. ಮೆನು ತೆರೆಯುವ ಮೂರು ಅಡ್ಡಗೆರೆಗಳ ಗುರುತನ್ನು ಇಬ್ಬರು ಪೋಷಕರು ಗಮನಿಸಿಯೇ ಇರಲಿಲ್ಲವಾದ್ದರಿಂದ ಅದರ ಪಕ್ಕದಲ್ಲಿ ‘ಮೆನು’ ಎಂದು ಬರೆಯುವುದೂ ಆಗಲೇ ತೀರ್ಮಾನವಾಯಿತು.

ಎಸ್ಸೆಸ್ಸೆಲ್ಸಿಗೆ 2024ರಲ್ಲಿ ಪರೀಕ್ಷೆ-1, 2, 3 ಎಂಬ ಪದ್ಧತಿ ಬಂದ ಮೇಲೆ, ಎರಡನೆಯ ಪರೀಕ್ಷೆಗೆ ಕೂರುವವರಿಗಾಗಿ ಕೆಲವೇ ವಾರಗಳ ಬ್ಯಾಚನ್ನು ಸಾರ್ ನಡೆಸುತ್ತಿದ್ದರು; ಅದಕ್ಕೂ ಮೆನುವಿನಲ್ಲಿ ಜಾಗ ಕೇಳಿದರು. ವರ್ಷದಲ್ಲಿ ಒಂದು ತಿಂಗಳು ಮಾತ್ರ ಜೀವ ಇರುವಂಥದ್ದನ್ನು ಮೆನುವಿಗೆ ಸೇರಿಸಿದರೆ ಉಳಿದ ಹನ್ನೊಂದು ತಿಂಗಳು ಅದು ಸುಳ್ಳು ಹೇಳುತ್ತದೆ. ಮುಖಪುಟದ ಮೇಲ್ಭಾಗದಲ್ಲಿ ಒಂದು ಸಾಲಿನ ಸೂಚನಾಪಟ್ಟಿಯನ್ನು ಕಾಗದದ ಮೇಲೆ ಎಳೆದು, ಅದರಿಂದ ಎಸ್ಸೆಸ್ಸೆಲ್ಸಿ ಪುಟಕ್ಕೆ ದಾರಿ ಕೊಟ್ಟೆ.

ಕೊನೆಯದಾಗಿ ಪುಟಗಳ ವಿಳಾಸಗಳನ್ನೂ ಕಾರ್ಡಿನ ಮೂಲೆಯಲ್ಲಿ ಬರೆದೆವು. ಕನ್ನಡದಲ್ಲಿಯೇ ಇಡುವ ಆಸೆ ಸಾರ್ ಅವರಿಗಿತ್ತು. ಆದರೆ ಅಂಥ ವಿಳಾಸವನ್ನು ವಾಟ್ಸ್ಆಪ್‌ಗೆ ನಕಲಿಸಿದಾಗ ‘ತ’ ಎಂಬ ಒಂದು ಅಕ್ಷರವೇ `%E0%B2%A4` ಎಂದಾಗಬಹುದು. ಕೊಂಡಿಯನ್ನು ಕಂಡ ಪೋಷಕರು ಏನೋ ಮೋಸವೆಂದು ಹೆದರುತ್ತಾರೆ. ಹೀಗಾಗಿ ಚಿಕ್ಕ ಇಂಗ್ಲಿಷ್ ಅಕ್ಷರಗಳನ್ನೇ ಆರಿಸಿಕೊಂಡೆವು, ಮತ್ತು ವರ್ಷವನ್ನು ಎಲ್ಲಿಯೂ ಸೇರಿಸಲಿಲ್ಲ.

```
/
/class-8-9/
/sslc/
/first-puc/
/second-puc/
/admission-fees/
/teachers/
/contact/
```

ಇಪ್ಪತ್ತಕ್ಕೂ ಹೆಚ್ಚು ಕಾರ್ಡುಗಳಿಂದ ಶುರುವಾದದ್ದು ಎಂಟು ಪುಟಗಳಿಗೆ ಬಂದು ನಿಂತಿತು. ಕಟ್ಟುವ ಕೆಲಸ ನಾಲ್ಕು ದಿನಗಳಲ್ಲಿ ಮುಗಿಯಿತು. ಕಾಗದದಲ್ಲಿ ಗೊತ್ತಾಗದೇ ಹೋದದ್ದು ಅಕ್ಷರಗಳ ಅಗಲ: ಸಾರ್ ಅವರ ಲ್ಯಾಪ್‌ಟಾಪಿನಲ್ಲಿ ಕೇಂದ್ರದ ಉದ್ದನೆಯ ಹೆಸರು, ಫೋನ್ ನಂಬರು ಮತ್ತು ಮೆನು ಒಂದೇ ಸಾಲಿನಲ್ಲಿ ಹಿಡಿಯದೆ ‘ಪ್ರವೇಶ ಮತ್ತು ಶುಲ್ಕ’ ಮುರಿದು ಕೆಳಗಿಳಿದಿತ್ತು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಫೋನ್ ನಂಬರನ್ನು ಮೇಲಿನ ಪಟ್ಟಿಗೆ ಸಾಗಿಸಿ ಸರಿಪಡಿಸಿದೆ.

ಮರುವರ್ಷ ಮೇ ತಿಂಗಳಲ್ಲಿ ಸಾರ್ ಕರೆ ಮಾಡಿ, ಏಳನೇ ತರಗತಿಯನ್ನೂ ಶುರು ಮಾಡುತ್ತಿದ್ದೇವೆ, ಎಂಟು-ಒಂಬತ್ತರ ಪುಟಕ್ಕೇ ಸೇರಿಸಿಬಿಡಿ ಎಂದರು. ಕೋಷ್ಟಕಕ್ಕೆ ಒಂದು ಸಾಲು ಸೇರಿಸಿದರೆ ಸಾಕಿತ್ತು. ಆದರೆ ರಬ್ಬರ್ ಬ್ಯಾಂಡ್ ಬಿಚ್ಚಿ ಆ ಕಾರ್ಡನ್ನು ನೋಡಿದಾಗ, ವರ್ಷವನ್ನು ಅಷ್ಟು ಎಚ್ಚರದಿಂದ ಹೊರಗಿಟ್ಟಿದ್ದ ನಾನು ತರಗತಿಯ ಅಂಕಿಗಳನ್ನು ವಿಳಾಸದೊಳಗೆ ಹಾಯಾಗಿ ಬಿಟ್ಟಿದ್ದೆ. ಮೂಲೆಯಲ್ಲಿ `/junior-batch/` ಎಂದು ಬರೆದು ಹಳೆಯದನ್ನು ಹೊಡೆದುಹಾಕಿದೆ. ಅಷ್ಟರಲ್ಲಿ ಹಳೆಯ ವಿಳಾಸದ ಕ್ಯೂಆರ್ ಸಂಕೇತವಿದ್ದ ಸಾವಿರ ಕರಪತ್ರಗಳು ಅಚ್ಚಾಗಿ ಹಂಚಿಕೆಯೂ ಆಗಿದ್ದರಿಂದ, ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ 301 ಮರುನಿರ್ದೇಶನವನ್ನೂ ಹಾಕಿ, ಅದನ್ನು ತೆಗೆಯಬಾರದೆಂದು ಕಾರ್ಡಿನ ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.