ಸಂಜೆಯ ಹದಿನೈದು ನಿಮಿಷ: ನನ್ನ ಸಮಯದ ಲೆಕ್ಕ

ನಾನು ಅನುವಾದದ ಕೆಲಸ ಮಾಡುತ್ತೇನೆ. ವಾರಕ್ಕೆ ನಲವತ್ತು ಗಂಟೆ ಅನುವಾದವನ್ನೇ ಮಾಡುತ್ತೇನೆ ಎಂದು ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಪ್ರಕಾಶಕರಿಗೆ ಗಡುವು ಹೇಳುತ್ತಿದ್ದೆ, ಪ್ರತಿ ಸಲವೂ ತಪ್ಪುತ್ತಿತ್ತು. ಗಂಟೆಗಳು ಎಲ್ಲಿ ಹೋಗುತ್ತಿವೆ ಎಂದು ತಿಳಿಯಲು ದಿನದ ಕೊನೆಯಲ್ಲಿ ಬರೆದಿಡತೊಡಗಿದೆ.

ಕೆಲಸ ಬದಲಾದಾಗಲೆಲ್ಲ ಬರೆಯುವುದು ನನ್ನಿಂದ ಆಗಲಿಲ್ಲ. ವಾಕ್ಯದ ನಡುವೆ ಗಡಿಯಾರ ನೋಡಿದರೆ ವಾಕ್ಯವೇ ಕೈತಪ್ಪುತ್ತದೆ. ಆದ್ದರಿಂದ ಸಂಜೆ ಕಂಪ್ಯೂಟರ್ ಮುಚ್ಚುವ ಮೊದಲು ಒಮ್ಮೆ ಕುಳಿತು ಇಡೀ ದಿನವನ್ನು ಹದಿನೈದು ನಿಮಿಷದ ತುಂಡುಗಳಲ್ಲಿ ದಾಖಲಿಸುತ್ತೇನೆ. ಮರುದಿನ ಬೆಳಿಗ್ಗೆಗೆ ಬಿಟ್ಟರೆ ಅರ್ಧ ಮರೆತಿರುತ್ತದೆ.

ಮೊದಲ ವಾರ ನೆನಪನ್ನೇ ನೆಚ್ಚಿಕೊಂಡಿದ್ದೆ. ಬುಧವಾರ ಸಂಜೆ "9:00ರಿಂದ 12:30, ಅನುವಾದ" ಎಂದು ಯೋಚನೆಯಿಲ್ಲದೆ ಬರೆದೆ. ಆಮೇಲೆ ಏನೋ ಅನುಮಾನ ಬಂದು ಕಳುಹಿಸಿದ ಮೇಲ್‌ಗಳನ್ನು ತೆರೆದು ನೋಡಿದೆ. 9:20, 9:50, 10:25ಕ್ಕೆ ಒಂದೊಂದು ಉತ್ತರ ಹೋಗಿತ್ತು. ಅನುವಾದದ ಕಡತವನ್ನು ಮೊದಲ ಸಲ ಉಳಿಸಿದ್ದು 10:50ಕ್ಕೆ. ಇಡೀ ಬೆಳಗು ಅನುವಾದ ಮಾಡಿದೆ ಎಂದುಕೊಂಡದ್ದರಲ್ಲಿ ಮೊದಲ ಒಂದೂವರೆ ಗಂಟೆ ಪತ್ರಗಳಿಗೆ ಹೋಗಿತ್ತು. ಕಷ್ಟಪಟ್ಟು ಮಾಡಿದ ಕೆಲಸ ನೆನಪಿನಲ್ಲಿ ಹಿಗ್ಗುತ್ತದೆ, ಚಿಲ್ಲರೆ ಕೆಲಸ ಕುಗ್ಗುತ್ತದೆ. ಅಂದಿನಿಂದ ಮೊದಲು ಸಾಕ್ಷಿಗಳನ್ನು ನೋಡುತ್ತೇನೆ: ಕಳುಹಿಸಿದ ಮೇಲ್, ಫೋನಿನ ಕರೆಗಳ ಪಟ್ಟಿ, ಕಡತಗಳನ್ನು ಉಳಿಸಿದ ಸಮಯ. ನೆನಪು ಅವುಗಳ ನಡುವಿನ ಜಾಗವನ್ನು ಮಾತ್ರ ತುಂಬುತ್ತದೆ.

ತುಂಬಲಾಗದ ಜಾಗಕ್ಕೆ "ಗೊತ್ತಿಲ್ಲ" ಎಂದೇ ಬರೆಯುತ್ತೇನೆ. ಈ ವಿಭಾಗ ನನಗೆ ಬಹಳ ಮುಖ್ಯ. ಅದಿಲ್ಲದಿದ್ದರೆ ಖಾಲಿ ಮುಕ್ಕಾಲು ಗಂಟೆಯನ್ನು ಅನುವಾದಕ್ಕೆ ಸೇರಿಸುವ ಆಸೆಯಾಗುತ್ತದೆ, ಆಗ ಯಾವ ಅಂಕಿಯನ್ನೂ ನಂಬುವಂತಿಲ್ಲ. ಉಳಿದ ವಿಭಾಗಗಳು ನಾಲ್ಕೇ: ಅನುವಾದ, ತಿದ್ದುಪಡಿ, ಪತ್ರವ್ಯವಹಾರ, ಲೆಕ್ಕಪತ್ರ. ಆರಂಭದಲ್ಲಿ ಹನ್ನೊಂದು ಇಟ್ಟಿದ್ದೆ. ನಿಘಂಟು ನೋಡುವುದು "ಅನುವಾದ"ವೋ "ಸಂಶೋಧನೆ"ಯೋ ಎಂದು ದಿನವೂ ತರ್ಕಿಸುವುದರಲ್ಲೇ ಸಮಯ ಹೋಗುತ್ತಿತ್ತು.

ಸ್ಪ್ರೆಡ್‌ಶೀಟ್ ಹಾಳೆಯಲ್ಲಿ Aಯಿಂದ Eವರೆಗೆ ಐದು ಕಾಲಂ: ದಿನಾಂಕ, ಶುರು, ಮುಗಿವು, ವಿಭಾಗ, ಅವಧಿ. H1 ಕೋಶದಲ್ಲಿ ಸೋಮವಾರದ ದಿನಾಂಕ ಹಾಕಿದರೆ ಆ ವಾರದ ಮೊತ್ತ ಸಿಗುತ್ತದೆ. ಮೊದಲ ಸಾಲು ಅವಧಿಗೆ, ಎರಡನೆಯದು ವಾರದ ಮೊತ್ತಕ್ಕೆ:

```
=MOD(C2-B2,1)
=SUMIFS(E:E,D:D,"ಅನುವಾದ",A:A,">="&H1,A:A,"<="&H1+6)
```

ರಾತ್ರಿ ಹನ್ನೆರಡು ದಾಟಿದ ಕೆಲಸಕ್ಕೆ ಋಣ ಸಂಖ್ಯೆ ಬಾರದಿರಲಿ ಎಂದು `MOD`. ನನ್ನನ್ನು ನಿಜಕ್ಕೂ ಕಾಡಿದ್ದು ಬೇರೆ. ಮೊದಲ ವಾರದ ಒಟ್ಟು ಮೊತ್ತ 20:30 ಎಂದು ಬಂತು. ಇಷ್ಟು ಕಡಿಮೆಯೇ ಎಂದು ಗಾಬರಿಯಾಗಿ ಕೈಯಲ್ಲಿ ಕೂಡಿದೆ, 44:30 ಬಂತು. ಸಾಮಾನ್ಯ ಸಮಯದ ನಮೂನೆ 24 ಗಂಟೆ ತುಂಬಿದೊಡನೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಮೊತ್ತದ ಕೋಶಗಳಿಗೆ `[h]:mm` ಎಂಬ ನಮೂನೆ ಕೊಟ್ಟ ಮೇಲೆ ಸರಿಹೋಯಿತು. ಇನ್ನೊಂದು ದಿನ "ಪತ್ರ ವ್ಯವಹಾರ" ಎಂದು ಬಿಡಿಸಿ ಬರೆದಿದ್ದರಿಂದ ಆ ಸಾಲು ಯಾವ ವಿಭಾಗದ ಮೊತ್ತಕ್ಕೂ ಸೇರಲಿಲ್ಲ. ಈಗ ವಿಭಾಗವನ್ನು ಟೈಪ್ ಮಾಡದೆ ಪಟ್ಟಿಯಿಂದ ಆರಿಸುತ್ತೇನೆ. ವಿಭಾಗಗಳ ಮೊತ್ತವೂ ಆ ವಾರದ ಒಟ್ಟು ಅವಧಿಯೂ ತಾಳೆಯಾಗುತ್ತವೆಯೇ ಎಂದು ಶನಿವಾರ ನೋಡುತ್ತೇನೆ.

ಆ ಮೊದಲ ವಾರದ ಲೆಕ್ಕ ಹೀಗಿತ್ತು: ಅನುವಾದ 18:15, ತಿದ್ದುಪಡಿ 9:30, ಪತ್ರವ್ಯವಹಾರ 8:45, ಲೆಕ್ಕಪತ್ರ 2:30, ಗೊತ್ತಿಲ್ಲ 5:30. "ಗೊತ್ತಿಲ್ಲ" ಎಂಬ ಸಾಲುಗಳನ್ನು ಒಂದೊಂದಾಗಿ ನೋಡಿದಾಗ ಹೆಚ್ಚಿನವು ಯಾವುದೋ ಪತ್ರಕ್ಕೆ ಉತ್ತರ ಕಳುಹಿಸಿದ ಬೆನ್ನಿಗೇ ಇದ್ದವು. ಪತ್ರದಿಂದ ಅನುವಾದಕ್ಕೆ ಮನಸ್ಸು ಮರಳುವ ಹೊತ್ತು ಅದು ಎಂದು ನನಗನ್ನಿಸಿತು. ಪತ್ರಗಳನ್ನು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಮಾತ್ರ ನೋಡತೊಡಗಿದೆ. ಮೂರನೆಯ ವಾರಕ್ಕೆ ಪತ್ರವ್ಯವಹಾರ 6:00ಕ್ಕೆ, "ಗೊತ್ತಿಲ್ಲ" 2:45ಕ್ಕೆ ಇಳಿಯಿತು. ಹದಿನೈದು ನಿಮಿಷಕ್ಕಿಂತ ಚಿಕ್ಕ ಅಡಚಣೆಗಳು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ, ಆದ್ದರಿಂದ ಅನುವಾದದ ಅಂಕಿ ಈಗಲೂ ತುಸು ಉಬ್ಬಿಯೇ ಇರುತ್ತದೆ.

ಮೊನ್ನೆ ಹೊಸ ಪುಸ್ತಕವೊಂದು ಬಂತು. ಮೊದಲ ಅಧ್ಯಾಯಕ್ಕೆ ಹಿಡಿದ ಸಮಯದಿಂದ ಅಂದಾಜಿಸಿದರೆ ಅನುವಾದಕ್ಕೇ 120 ಗಂಟೆ ಬೇಕು. ಹಿಂದೆ ಆಗಿದ್ದರೆ ನಲವತ್ತರಿಂದ ಭಾಗಿಸಿ ಮೂರು ವಾರ ಎನ್ನುತ್ತಿದ್ದೆ. ಈ ಸಲ ಹದಿನೆಂಟರಿಂದ ಭಾಗಿಸಿ, ತಿದ್ದುಪಡಿ ಬಿಟ್ಟು ಏಳು ವಾರ ಎಂದು ಹೇಳಿದೆ. ಪ್ರಕಾಶಕರು ಒಪ್ಪಿದರು.