ನಾನಿಲ್ಲದ ಎರಡು ಸೋಮವಾರ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪ್ಲಾನಿಂಗ್ ಮೀಟಿಂಗ್ ಇರುತ್ತದೆ. ಪ್ರೊಡಕ್ಷನ್, ಕ್ವಾಲಿಟಿ, ಸ್ಟೋರ್ಸ್, ಮಾರ್ಕೆಟಿಂಗ್ ಎಲ್ಲರೂ ಬರುತ್ತಾರೆ. ಆ ವಾರ ಯಾವ ಮಷಿನ್ ಮೇಲೆ ಯಾವ ಜಾಬ್ ಹತ್ತಬೇಕು ಅನ್ನುವುದು ಅಲ್ಲೇ ಮುಗಿಯಬೇಕು. ನಡೆಸುವವನು ನಾನು. ನಾನು ರಜೆ ಹಾಕಿದ ವಾರ ಈ ಮೀಟಿಂಗ್ ಕೆಡುತ್ತಿತ್ತು, ಮೀಟಿಂಗ್ ಕೆಟ್ಟರೆ ಆ ವಾರವೇ ಕೆಡುತ್ತಿತ್ತು. ಈ ಸಲ ಅಮ್ಮನ ಮಂಡಿ ಆಪರೇಷನ್ ಅಂತ ಹನ್ನೆರಡು ದಿನ ಹಾಸನದಲ್ಲಿದ್ದೆ. ಎರಡು ಸೋಮವಾರ ನಾನಿರಲಿಲ್ಲ. ಎರಡೂ ಮೀಟಿಂಗ್ ಚೆನ್ನಾಗಿ ನಡೆದವು. "ಆಗಲ್ಲ, ಮುಂದಕ್ಕೆ ಹಾಕಿ" ಅಂದಿದ್ದ ನಮ್ಮ ಮಾಲೀಕರೇ ಈಗ ಬೇರೆ ಮೀಟಿಂಗ್‌ಗೂ ಇದೇ ರೀತಿ ಮಾಡಿ ಅನ್ನುತ್ತಿದ್ದಾರೆ.

ಮೊದಲು ಕೆಟ್ಟಿದ್ದು ಹೇಗೆ ಅಂತ ಹೇಳುತ್ತೇನೆ. ಎರಡು ವರ್ಷದ ಹಿಂದೆ ಪುಣೆಗೆ ಹೋಗಬೇಕಿತ್ತು. ಶುಕ್ರವಾರ ಸಂಜೆ ಬೈಕ್ ತೆಗೆಯುತ್ತಾ ಶಾಪ್ ಸೂಪರ್‌ವೈಸರ್‌ಗೆ "ಸೋಮವಾರದ ಮೀಟಿಂಗ್ ಸ್ವಲ್ಪ ನೋಡ್ಕೊಳ್ಳಿ" ಅಂದೆ. ಹಿಂದಿನ ವಾರದ ಮಿನಿಟ್ಸ್ ಕೈಗೆ ಕೊಟ್ಟೆ. ಅಷ್ಟೇ. ಮಾರ್ಕೆಟಿಂಗ್‌ನವರು ಎರಡು ಆರ್ಡರ್ ತಂದು ಎರಡೂ ಅರ್ಜೆಂಟ್ ಅಂದರು. ಇವರು ಎರಡಕ್ಕೂ ಹೂಂ ಅಂದುಬಿಟ್ಟರು. ಓಡುತ್ತಿದ್ದ ಬ್ಯಾಚ್ ನಡುವೆಯೇ ಎರಡು ಮಷಿನ್ ಸೆಟ್ಟಿಂಗ್ ಬದಲಾಯಿತು. ಎರಡು ಭಾನುವಾರ ಆರು ಜನಕ್ಕೆ ಓಟಿ. ಓಟಿ ಅಂದರೆ ದುಪ್ಪಟ್ಟು ಕೂಲಿ, ಅದೇ ಹದಿನೆಂಟು ಸಾವಿರದ ಆಸುಪಾಸು. ಸೆಟ್ಟಿಂಗ್ ಬದಲಿಸಿ ಮತ್ತೆ ಹಳೆಯದಕ್ಕೆ ತರುವಾಗ ಸ್ಕ್ರ್ಯಾಪ್ ಆದ ಪೀಸ್ ಹನ್ನೊಂದು ಸಾವಿರದ್ದು. ಟೆಂಪೋ, ಇನ್ಸರ್ಟ್ ಎಲ್ಲಾ ಸೇರಿ 35 ಸಾವಿರ ಮುಟ್ಟಿತು. ತಪ್ಪು ಅವರದ್ದಲ್ಲ. ಯಾವುದಕ್ಕೆ ಇಲ್ಲ ಅನ್ನಬಹುದು ಅಂತ ನಾನು ಹೇಳಿರಲೇ ಇಲ್ಲ.

ಮುಂದಿನ ಸಲ ಉಲ್ಟಾ ಮಾಡಿದೆ. ಎಂಟು ಪುಟ ಬರೆದುಕೊಟ್ಟೆ. ಎಲ್ಲಾ ಆರ್ಡರ್, ಎಲ್ಲಾ ಇತಿಹಾಸ. ಅವರು ಮೀಟಿಂಗ್‌ನಲ್ಲಿ ಅದನ್ನು ಮೊದಲಿಂದ ಕೊನೆವರೆಗೆ ಓದಿದರಂತೆ. ಎರಡು ಗಂಟೆ ಹಿಡಿಯಿತು. ಒಂದೊಂದು ವಿಷಯ ಬಂದಾಗಲೂ "ಸರ್ ಬಂದ ಮೇಲೆ ನೋಡೋಣ" ಅಂತ ಪಕ್ಕಕ್ಕಿಟ್ಟರು. ಕೊನೆಗೆ ಹೊಸೂರಿನ ಕಸ್ಟಮರ್‌ಗೆ ಮಾಲು ತಡವಾಗಿ, ಸ್ಪೆಷಲ್ ಗಾಡಿಯಲ್ಲಿ ಎರಡು ಟ್ರಿಪ್ ಕಳಿಸಬೇಕಾಯಿತು. ಅದಕ್ಕೆ ಹದಿಮೂರೋ ಹದಿನಾಲ್ಕೋ ಸಾವಿರ.

ನಡುವೆ ಒಂದು ಸಲ ಫೋನ್ ಸ್ಪೀಕರ್‌ಗೆ ಹಾಕಿ ದೂರದಿಂದಲೇ ಕೂತು ನೋಡಿದೆ. ಇದನ್ನು ಮಾತ್ರ ಮಾಡಬೇಡಿ. ಎಲ್ಲರೂ ಫೋನ್ ಕಡೆ ತಿರುಗಿ ನನ್ನ ಜೊತೆ ಮಾತಾಡಿದರು, ನಡೆಸಬೇಕಾದವರು ಬೊಂಬೆ ಹಾಗೆ ಕೂತಿದ್ದರು. ವಾಯ್ಸ್ ಮೆಸೇಜ್ ಕಳಿಸಿಯೂ ನೋಡಿದೆ. ಹನ್ನೊಂದು ನಿಮಿಷದ ಮೆಸೇಜ್‌ನಲ್ಲಿ ತಾರೀಖು ಎಲ್ಲಿದೆ ಅಂತ ಹಿಂದೆ ಮುಂದೆ ಮಾಡಿ ಹುಡುಕುವಷ್ಟು ಪುರುಸೊತ್ತು ಸೋಮವಾರ ಬೆಳಿಗ್ಗೆ ಯಾರಿಗಿದೆ?

ಈ ಸಲ ಮೊದಲು ಬದಲಿಸಿದ್ದು ಆಳನ್ನು. ನಮ್ಮ ಮೀಟಿಂಗ್‌ನಲ್ಲಿ ಜಗ್ಗಾಟ ಇರುವುದು ಪ್ರೊಡಕ್ಷನ್‌ಗೂ ಮಾರ್ಕೆಟಿಂಗ್‌ಗೂ. ಆ ಇಬ್ಬರಲ್ಲಿ ಒಬ್ಬರಿಗೆ ಮೀಟಿಂಗ್ ಕೊಟ್ಟರೆ ಇನ್ನೊಬ್ಬರು ಒಪ್ಪುವುದಿಲ್ಲ. ಹಾಗಾಗಿ ಕ್ವಾಲಿಟಿ ನೋಡಿಕೊಳ್ಳುವವರನ್ನು ಕೇಳಿದೆ. ಹತ್ತು ದಿನ ಮುಂಚೆ, ಅವರ ಇನ್‌ಸ್ಪೆಕ್ಷನ್ ರೂಮಿಗೇ ಹೋಗಿ, ಬೇರೆ ಯಾರೂ ಇಲ್ಲದಾಗ ಕೇಳಿದೆ. ಎಲ್ಲರೆದುರು ಕೇಳಿದರೆ ಮನುಷ್ಯ ಮುಖ ನೋಡಿ ಹೂಂ ಅಂತಾನೆ, ಆಮೇಲೆ ಒದ್ದಾಡುತ್ತಾನೆ.

"ಸರ್, ಮಾರ್ಕೆಟಿಂಗ್‌ನವರು ನನ್ನ ಮಾತು ಕೇಳಲ್ಲ. ನಂಗೆ ಬೇಡ ಬಿಡಿ" ಅಂದರು.

ಅದು ನಿಜವಾದ ಭಯ. ಸಮಾಧಾನದ ಮಾತಲ್ಲಿ ಹೋಗುವಂಥದ್ದಲ್ಲ. ಮೂರು ವಿಷಯ ಮಾತಾಡಿಕೊಂಡೆವು. ಒಂದು, ಎರಡೇ ಮೀಟಿಂಗ್, 6ನೇ ತಾರೀಖು ಮತ್ತು 13ನೇ ತಾರೀಖು. ಇನ್ನೊಂದು, ಓಟಿ, ಗಾಡಿ, ಹೊರಗಿನ ಜಾಬ್ ವರ್ಕ್ ಎಲ್ಲಾ ಸೇರಿ ಮೀಟಿಂಗಿಗೆ 10 ಸಾವಿರದವರೆಗೆ ಅವರೇ ಒಪ್ಪಿಗೆ ಕೊಡಬಹುದು, ನನ್ನನ್ನು ಕೇಳಬೇಕಿಲ್ಲ. ಅದಕ್ಕೆ ಮೇಲಾದರೆ ಮಾಲೀಕರು. ಕೊನೆಯದು, ಸೋಮವಾರ ಬೆಳಿಗ್ಗೆ ಅವರು ಮಾಡುವ ಇನ್‌ವರ್ಡ್ ಇನ್‌ಸ್ಪೆಕ್ಷನ್‌ಗೆ ನಮ್ಮ ಕಡೆಯ ಒಬ್ಬ ಹುಡುಗನನ್ನು ಬಿಟ್ಟುಕೊಡುತ್ತೇನೆ. ಕೆಲಸ ಕೊಡುವಾಗ ಅವರ ತಲೆ ಮೇಲಿರುವ ಒಂದು ಕೆಲಸ ಇಳಿಸಬೇಕು. ಇದಕ್ಕೆ ಮುಂಚೆ ನಾನು ಯಾವತ್ತೂ ಇಳಿಸಿರಲಿಲ್ಲ. ಆಮೇಲೆ ಮಾಲೀಕರಿಂದಲೇ ವಾಟ್ಸಾಪ್ ಗುಂಪಿಗೆ ಎರಡು ಸಾಲು ಹಾಕಿಸಿದೆ: ಎರಡು ಸೋಮವಾರ ಮೀಟಿಂಗ್ ಇವರು ನಡೆಸುತ್ತಾರೆ, ಅಲ್ಲಿ ಆದ ತೀರ್ಮಾನವೇ ತೀರ್ಮಾನ. ನಾನು ಹಾಕಿದ್ದರೆ ಅಷ್ಟು ತೂಕ ಬರುತ್ತಿರಲಿಲ್ಲ.

ಇನ್ನು ಹಾಳೆ. ಒಂದೇ ಹಾಳೆ, ಒಂದೇ ಮಗ್ಗುಲು. ಮೂರು ಭಾಗ: ಇವತ್ತು ತೀರ್ಮಾನ ಆಗಲೇಬೇಕಾದ್ದು, ಸುಮ್ನೆ ಕೇಳಿ ಬರೆದುಕೊಳ್ಳಬೇಕಾದ್ದು, ನಾನು ಬರುವವರೆಗೆ ಮುಟ್ಟಬಾರದ್ದು. ಮೊದಲ ಭಾಗದಲ್ಲಿ ಎರಡಕ್ಕಿಂತ ಜಾಸ್ತಿ ಹಾಕಲಿಲ್ಲ. ಮೂರನೇ ಭಾಗವೇ ಕಷ್ಟ, ಆದರೆ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಅದರಲ್ಲಿ ಹೊಸ ಕಂಪ್ರೆಸರ್, ಮತ್ತೆ ಇಬ್ಬರು ಆಪರೇಟರ್‌ಗಳ ಶಿಫ್ಟ್ ತಕರಾರು ಇತ್ತು. ಯಾರಾದರೂ ಎತ್ತಿದರೆ ಹಾಳೆ ತೋರಿಸಿ "ಇದು 16ಕ್ಕೆ" ಅಂದರೆ ಮುಗೀತು.

6ನೇ ತಾರೀಖಿನ ಹಾಳೆಯ ಮೊದಲ ವಿಷಯ ಹೇಗೆ ಬರೆದಿದ್ದೆ ಅಂತ ತೋರಿಸುತ್ತೇನೆ.

"ಪಂಪ್ ಶಾಫ್ಟ್, 400 ಪೀಸ್, 24ಕ್ಕೆ ಡಿಸ್ಪ್ಯಾಚ್. ಹೀಟ್ ಟ್ರೀಟ್‌ಮೆಂಟ್‌ಗೆ 15ರ ಬೆಳಿಗ್ಗೆ ಹೊರಡಬೇಕು, 20ಕ್ಕೆ ವಾಪಸ್, ಗ್ರೈಂಡಿಂಗ್ 3 ದಿನ. 6ರಿಂದ 14ರವರೆಗೆ 8 ಕೆಲಸದ ದಿನ, ದಿನಕ್ಕೆ 45, ಒಟ್ಟು 360. ನಲವತ್ತು ಕಮ್ಮಿ. 12ರ ಭಾನುವಾರ ಓಟಿ ಮಾಡಿದರೆ 405. ಮಾರ್ಕೆಟಿಂಗ್‌ನವರು ಫ್ಲ್ಯಾಂಜ್ 150 ಪೀಸ್ ಇದೇ ಮಷಿನ್ ಮೇಲೆ ಕೇಳುತ್ತಾರೆ, ಕೊಡಬೇಡಿ. ತೀರಾ ಆಗದಿದ್ದರೆ ಶಾಫ್ಟ್ 300 ಮೊದಲು, 100 ಒಂದು ವಾರ ತಡ. ಕಸ್ಟಮರ್ ಒಪ್ಪಿದ್ದಾರೆ. ಇದನ್ನು ಕೊನೆಗೆ ಮಾತ್ರ ಬಾಯಿ ಬಿಡಿ."

ಒಂದು ವಿಷಯಕ್ಕೆ ಇಷ್ಟು ಸಾಕು: ತಾರೀಖಿನ ಲೆಕ್ಕ, ಯಾರು ಅಡ್ಡ ಬರುತ್ತಾರೆ, ಎಲ್ಲಿಯವರೆಗೆ ಬಗ್ಗಬಹುದು. ಮೊದಲೆಲ್ಲ ನಾನು "ಪಂಪ್ ಶಾಫ್ಟ್ ಬಗ್ಗೆ ಚರ್ಚೆ" ಅಂತ ಬರೆಯುತ್ತಿದ್ದೆ. ಚರ್ಚೆ ಅಂತ ಬರೆದರೆ ಚರ್ಚೆಯೇ ಆಗುತ್ತದೆ, ಬೇರೇನೂ ಆಗುವುದಿಲ್ಲ.

ಹಾಳೆ ಕೊಟ್ಟು ಬಿಡಲಿಲ್ಲ. ಶುಕ್ರವಾರ ಸಂಜೆ ಅರ್ಧ ಗಂಟೆ ಕೂತೆವು. ಅವರು ಓದಿದರು. ಆಮೇಲೆ ನಾನು ಮಾರ್ಕೆಟಿಂಗ್‌ನವನಾದೆ. "ಫ್ಲ್ಯಾಂಜ್ ಹತ್ತಿಸದಿದ್ರೆ ಆರ್ಡರ್ ಹೋಗುತ್ತೆ, ಜವಾಬ್ದಾರಿ ನಿಮ್ಮದು" ಅಂದೆ. ಅವರು ತಟ್ಟನೆ "ಸರ್ ಬಂದ ಮೇಲೆ ಹೇಳ್ತೀನಿ" ಅಂದರು. ಅದನ್ನೇ ಬಿಡಿಸಬೇಕಿತ್ತು. "ಹಾಗೆ ಬೇಡ. ಇದನ್ನ ಹತ್ತಿಸಿದ್ರೆ ಯಾವುದನ್ನ ಇಳಿಸಲಿ, ನೀವೇ ಹೇಳಿ, ಬರ್ಕೊಳ್ತೀನಿ ಅನ್ನಿ" ಅಂತ ಹೇಳಿಕೊಟ್ಟೆ. ನಾಲ್ಕು ಸಲ ಬೇರೆ ಬೇರೆ ರೀತಿ ಕೇಳಿದೆ. ನಾಲ್ಕನೇ ಸಲ ನನಗೇ ಉತ್ತರ ಸಿಗಲಿಲ್ಲ.

ಕೆಲವು ವಿಷಯ ಬಾಯಲ್ಲೇ ಹೇಳಿದೆ, ಕಾಗದಕ್ಕೆ ಹಾಕಲಿಲ್ಲ. ಸ್ಟೋರ್ಸ್ ಮೇಡಂಗೂ ಮಾರ್ಕೆಟಿಂಗ್‌ಗೂ ರಾಡ್ ಇಂಡೆಂಟ್ ವಿಷಯದಲ್ಲಿ ಹಳೇ ಬೇಸರ ಇದೆ, ಅವರಿಬ್ಬರನ್ನು ಒಂದರ ಹಿಂದೆ ಒಂದು ಮಾತಾಡಿಸಬೇಡಿ ಅಂದೆ. ಇಂಥದ್ದು ಬರೆದ ಹಾಳೆ ಟೇಬಲ್ ಮೇಲೆ ಬಿಟ್ಟುಹೋದರೆ ಹೊಸ ಜಗಳ. ಮೀಟಿಂಗಿಗೆ ಮುಂಚೆ ಮಾರ್ಕೆಟಿಂಗ್‌ನವರ ಹತ್ತಿರ ನಾನು ಏನು ಮಾತಾಡಿಕೊಂಡು ಹೋಗಿದ್ದೆ ಅನ್ನುವುದು ಮಾತ್ರ ನನ್ನ ಹತ್ತಿರಾನೇ ಇರಲಿ. ಅದು ಇನ್ನೂ ಕೆಲಸಕ್ಕೆ ಬರುತ್ತದೆ.

6ರ ಮೀಟಿಂಗ್ ಐವತ್ತು ನಿಮಿಷ ಆಯಿತು. ನಾನಿದ್ದರೂ ಅಷ್ಟೇ ಆಗುತ್ತದೆ. ಫ್ಲ್ಯಾಂಜ್ ಬಂತು, ಅವರು ಹೇಳಿಕೊಟ್ಟಂತೆಯೇ ಕೇಳಿದರು, ಎದುರಿನವರು ಸುಮ್ಮನಾದರು. ಓಟಿ ತೀರ್ಮಾನ ಆಯಿತು, ಸುಮಾರು ಒಂಬತ್ತು ಸಾವಿರ. 300 ಪೀಸಿನ ಮಾತು ಎತ್ತುವ ಅಗತ್ಯವೇ ಬರಲಿಲ್ಲ. ಸಂಜೆ ಕೈಬರಹದ ಎಂಟು ಸಾಲು ಫೋಟೋ ತೆಗೆದು ಕಳಿಸಿದರು. ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು ಓದಿದೆ. "ಸರಿ" ಅಂತ ಒಂದೇ ಮಾತು ಬರೆದೆ.

ಆದರೆ ಒಂದು ಕಡೆ ಸಿಕ್ಕಿಕೊಂಡಿತು. ಹಿಂದಿನ ವಾರ ಬುಷ್‌ನಲ್ಲಿ ಒಂದಷ್ಟು ಪೀಸ್ ರಿಜೆಕ್ಟ್ ಆಗಿತ್ತು. ಆ ವಿಷಯ ಬಂದಾಗ ಮೀಟಿಂಗ್ ನಡೆಸುತ್ತಿದ್ದವರೂ ಇವರೇ, ಉತ್ತರ ಕೊಡಬೇಕಾದವರೂ ಇವರೇ. ಪ್ರೊಡಕ್ಷನ್‌ನವರು ಗೇಜ್ ಸರಿ ಇಲ್ಲ ಅಂದರು, ಇವರು ಆಪರೇಟರ್ ತಪ್ಪು ಅಂದರು. ಐವತ್ತು ನಿಮಿಷದಲ್ಲಿ ಹದಿನೈದು ನಿಮಿಷ ಅದಕ್ಕೇ ಹೋಯಿತು. ಇದು ನನಗೆ ಹೊಳೆದಿರಲಿಲ್ಲ. ಪಕ್ಷ ಇಲ್ಲದವರು ಅಂತ ಆರಿಸಿದ್ದೆ, ಆದರೆ ಅವರದ್ದೇ ವಿಷಯ ಬಂದಾಗ ಯಾರಿಗಾದರೂ ಒಂದು ಪಕ್ಷ ಇದ್ದೇ ಇರುತ್ತದೆ ಅಲ್ವಾ? ರಾತ್ರಿ ಫೋನಿನಲ್ಲಿ ಮಾತಾಡಿಕೊಂಡು, 13ಕ್ಕೆ ರಿಜೆಕ್ಷನ್ ವಿಷಯ ಬಂದ ಕೂಡಲೇ ಹಾಳೆಯನ್ನು ಸ್ಟೋರ್ಸ್ ಮೇಡಂ ಕೈಗೆ ಕೊಟ್ಟು ಆ ಹತ್ತು ನಿಮಿಷ ಅವರೇ ನಡೆಸಲಿ ಅಂತ ಮಾಡಿದೆವು. ಮೇಡಂ ಎರಡೇ ಪ್ರಶ್ನೆ ಕೇಳಿದರಂತೆ, ಗೇಜ್ ಯಾವತ್ತು ಚೆಕ್ ಆಗಿದ್ದು, ಮುಂದಿನ ಚೆಕ್ ಯಾರು ಮಾಡುತ್ತಾರೆ. ಆರು ನಿಮಿಷದಲ್ಲಿ ಮುಗಿಯಿತು.

13ರಂದು ಅವರು ತೆಗೆದುಕೊಂಡ ಒಂದು ತೀರ್ಮಾನ ನಾನಾಗಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ. ಬುಷ್ ರೀವರ್ಕನ್ನು ಹೊರಗೆ ಕೊಟ್ಟರು, ಆರು ಸಾವಿರ. ಒಳಗೇ ಮಾಡಿದ್ದರೆ ಮೂರರಲ್ಲಿ ಮುಗಿಯುತ್ತಿತ್ತು. 16ಕ್ಕೆ ವಾಪಸ್ ಬಂದಾಗ ಮಾಲು ಇನ್ನೂ ಗೇಟಿನಲ್ಲೇ ಇತ್ತು, ತಡೆಯಬಹುದಿತ್ತು. ತಡೆಯಲಿಲ್ಲ. 10 ಸಾವಿರದವರೆಗೆ ನಿಮ್ಮದೇ ಅಂದ ಮೇಲೆ ಅದು ಅವರದ್ದೇ. ಅವತ್ತು ಆ ಚಲನ್ ಹರಿದಿದ್ದರೆ ಮುಂದೆ ಯಾರೂ ನನ್ನ ಕುರ್ಚಿಯಲ್ಲಿ ಕೂತು ತೀರ್ಮಾನ ಮಾಡುತ್ತಿರಲಿಲ್ಲ.

ಶಾಫ್ಟ್ 24ಕ್ಕೆ 392 ಹೋಯಿತು. ಉಳಿದ ಎಂಟು ಮುಂದಿನ ಗಾಡಿಯಲ್ಲಿ. ಕಸ್ಟಮರ್ ಕಡೆಯಿಂದ ಒಂದು ಫೋನೂ ಬರಲಿಲ್ಲ.

ಸಂಬಳ, ಪ್ರಮೋಷನ್, ಯಾರನ್ನಾದರೂ ವಿಚಾರಿಸುವ ಮೀಟಿಂಗ್ ಆದರೆ ಹೀಗೆ ಬೇರೆಯವರ ಕೈಗೆ ಕೊಡಬಾರದು, ಮುಂದಕ್ಕೆ ಹಾಕುವುದೇ ಸರಿ. ಮಾಲೀಕರೇ ಬಂದು ಕೂರುವ ಮೀಟಿಂಗ್‌ನಲ್ಲೂ ಇದು ನಡೆಯುವುದಿಲ್ಲ, ಎಲ್ಲರ ಕಣ್ಣು ಅವರ ಕಡೆಯೇ ಇರುತ್ತದೆ.

ಕಳೆದ ತಿಂಗಳು ಕ್ವಾಲಿಟಿಯವರು ತಂಗಿ ಮದುವೆಗೆ ಅಂತ ವಾರ ರಜೆ ಹಾಕಿದರು. ಅವರ ಗುರುವಾರದ ರಿಜೆಕ್ಷನ್ ಮೀಟಿಂಗ್ ನಡೆಸಿಕೊಡಿ ಅಂತ ನನ್ನನ್ನೇ ಕೇಳಿದರು. ಹತ್ತು ದಿನ ಮುಂಚೆ, ನನ್ನ ರೂಮಿಗೇ ಬಂದು. ಕೈಯಲ್ಲಿ ಒಂದು ಹಾಳೆ, ಅದರಲ್ಲಿ ನನ್ನ ಮೂರು ಭಾಗದ ಕೆಳಗೆ ನಾಲ್ಕನೆಯದೊಂದು ಇತ್ತು: "ಪ್ರೊಡಕ್ಷನ್ ತಪ್ಪಿನ ವಿಷಯ ಬಂದಾಗ ಹಾಳೆ ಸ್ಟೋರ್ಸ್ ಮೇಡಂಗೆ ಕೊಡಿ ಸರ್."