ಕಪ್ಪು ಟ್ಯಾಂಕಲ್ಲಿ ನಾನೇ ಕಾಣ್ತಿದ್ದೆ: ಕೊಡಗಲ್ಲಿ ಒಂದು ಬೈಕ್ ಜಾಹೀರಾತು ಫೋಟೋ ತೆಗೆದ ನನ್ನ ಅನುಭವ

ದಸರಾಕ್ಕೆ ಮುಂಚೆ ಗೋಣಿಕೊಪ್ಪದ ಒಬ್ರು ಶೋರೂಮ್ ಓನರ್ ಫೋನ್ ಮಾಡಿ, ಆಯುಧ ಪೂಜೆ ಟೈಮಿಗೆ ಫ್ಲೆಕ್ಸ್ ಹಾಕ್ಬೇಕು, ಕಂಪನಿ ಕೊಡೋ ಫೋಟೋ ಬೇಡ, ನಮ್ಮ ಕೊಡಗಿನ ರೋಡಲ್ಲೇ ಬೈಕ್ ನಿಂತಿರೋ ಹಾಗೆ ಬೇಕು, ಕೆಳಗಿಂದ ತೆಗೀರಿ, ಗತ್ತಾಗಿ ಕಾಣ್ಬೇಕು ಅಂದ್ರು. ನಾನು ಮದುವೆ, ಹೋಂಸ್ಟೇ ಫೋಟೋ ತೆಗೀತಾ ಇದ್ದವನು, ಬೈಕ್ ಅಂದ್ರೆ ಎಂತ ಮಹಾ, ಅದು ಕಣ್ಣು ಮುಚ್ಚಲ್ಲ, ಅಲ್ಲಾಡಲ್ಲ ಅಂತ ಒಪ್ಕೊಂಡೆ. ಗಾಡಿ 350 ಸಿಸಿ, ಟ್ಯಾಂಕ್ ಕನ್ನಡಿ ಥರ ಹೊಳೆಯೋ ಕಪ್ಪು, ಸೈಲೆನ್ಸರ್ ಪೂರ್ತಿ ಕ್ರೋಮ್.

ಮೊದಲನೇ ದಿನ ಪೂರ್ತಿ ವೇಸ್ಟ್ ಆಯ್ತು. ಕೊಡಗು ಅಂದ್ರೆ ತೋಟದ ರೋಡು ಅಂತ ಎರಡೂ ಕಡೆ ಸಿಲ್ವರ್ ಓಕ್ ಇರೋ, ಮೇಲೆ ಕೊಂಬೆ ಕೂಡಿರೋ ಜಾಗ ಹುಡುಕಿ ಬೈಕ್ ನಿಲ್ಲಿಸಿದೆ. ಕಣ್ಣಿಗೆ ಚೆನ್ನಾಗೇ ಇತ್ತು. 24 ಎಂಎಂ ಲೆನ್ಸ್ ಹಾಕಿ, ಮುಂದಿನ ಚಕ್ರದಿಂದ ಒಂದು ಮೀಟರ್ ದೂರದಲ್ಲಿ ನೆಲಕ್ಕೆ ಮಲಗಿ ಹೊಡ್ದೆ. ಮನೆಗೆ ಬಂದು ದೊಡ್ಡ ಸ್ಕ್ರೀನಲ್ಲಿ ನೋಡಿದ್ರೆ ಮುಂದಿನ ಚಕ್ರ ಟ್ರ್ಯಾಕ್ಟರ್ ಚಕ್ರದಷ್ಟು ದಪ್ಪ, ಹಿಂದಿನ ಚಕ್ರ ಸೈಕಲ್ಲಿದು, ಟ್ಯಾಂಕ್ ಮೇಲೆ ನೂರಾರು ಬಿಳಿ ಚುಕ್ಕೆ. ಎಲೆ ಸಂದಿಯಿಂದ ಕಾಣೋ ಆಕಾಶದ ತುಂಡುಗಳು ಅವು, ಯಾರೋ ಸುಣ್ಣ ಎರಚಿದ ಹಾಗಿತ್ತು. ಉಳಿದ ಕಡೆ ಕಪ್ಪು ಪೇಂಟ್ ಹೋಗಿ ಪಾಚಿ ಹಸಿರು. ಸೈಲೆನ್ಸರಲ್ಲಿ ಸಣ್ಣಕ್ಕೆ ಕೆಂಪು ಟೀಶರ್ಟ್ ಹಾಕ್ಕೊಂಡು ನಾನೇ ಮಲಗಿದ್ದೆ. ಸಾಲದ್ದಕ್ಕೆ ಕಾಲಿಗೆ ಎರಡು ಜಿಗಣೆ ಬೇರೆ.

ಚಕ್ರದ ಸಮಸ್ಯೆ ಸುಲಭದ್ದು. ಅದು ಕೆಳಗಿಂದ ತೆಗೆದಿದ್ದಕ್ಕೆ ಆಗಿದ್ದಲ್ಲ, ಹತ್ರದಿಂದ ತೆಗೆದಿದ್ದಕ್ಕೆ. ಒಂದು ಮೀಟರ್ ದೂರದಲ್ಲಿ ನಿಂತ್ರೆ ಹಿಂದಿನ ಚಕ್ರ ನಮಗೆ ಎರಡು ಪಟ್ಟಿಗಿಂತ ಜಾಸ್ತಿ ದೂರ ಇರುತ್ತೆ, ಅದಕ್ಕೆ ಅಷ್ಟು ಸಣ್ಣಕ್ಕೆ ಕಾಣೋದು. ನಾಲ್ಕೈದು ಮೀಟರ್ ಹಿಂದೆ ಹೋಗಿ 70 ಎಂಎಂ ಹಾಕಿ, ಕ್ಯಾಮೆರಾನ ಮಾತ್ರ ನೆಲದಿಂದ ಒಂದು ಗೇಣು ಎತ್ತರದಲ್ಲಿ ಇಟ್ರೆ ಗತ್ತೂ ಇರುತ್ತೆ, ಗಾಡಿ ಗಾಡಿ ಥರಾನೂ ಇರುತ್ತೆ. ಹೆಡ್‌ಲೈಟ್ ಆಕಾಶಕ್ಕೆ ಎದ್ದು ನಿಲ್ಲುತ್ತೆ, ಅಷ್ಟು ಸಾಕು.

ನನ್ನ ತಲೆ ತಿಂದಿದ್ದು ರಿಫ್ಲೆಕ್ಷನ್ನು. ಎರಡು ದಿನ ಮನೇಲಿ ಕಪ್ಪು ಹೆಲ್ಮೆಟ್ ಮೇಜಿನ ಮೇಲಿಟ್ಕೊಂಡು, ಮೊಬೈಲ್ ಕ್ಯಾಮೆರಾ ಮೇಲೆ ಕೆಳಗೆ ಮಾಡಿ ನೋಡ್ತಾ ಕೂತೆ, ಮನೆಯವಳು ಇವ್ರಿಗೆ ಎಂತಾಯ್ತಪ್ಪ ಅಂತ ನೋಡ್ತಿದ್ಳು. ಆಗ ಅರ್ಥ ಆಗಿದ್ದು ಇಷ್ಟು: ಹೊಳೆಯೋ ಕಪ್ಪು ಪೇಂಟಿಗೆ ತನ್ನದು ಅಂತ ಬಣ್ಣಾನೇ ಇಲ್ಲ, ನಾವು ನೋಡೋದೆಲ್ಲ ಅದರಲ್ಲಿ ಬಿದ್ದಿರೋ ಬಿಂಬ. ಆ ಬಿಂಬ ಗಾಡಿ ಹಿಂದೆ ಇರೋದ್ರದ್ದಲ್ಲ, ನನ್ನ ಬೆನ್ನ ಹಿಂದೆ ಇರೋದ್ರದ್ದು. ಕ್ಯಾಮೆರಾ ಕೆಳಗಿದ್ದಾಗ ಇನ್ನೊಂದು ಲಾಭ ಉಂಟು. ನಾವು ಮೇಲ್ಮುಖವಾಗಿ ನೋಡ್ತಿರ್ತೀವಲ್ಲ, ಟ್ಯಾಂಕಿನ ನೆಟ್ಟಗಿರೋ ಪಕ್ಕದಲ್ಲಿ ಬಿದ್ದ ನೋಟ ಹಂಗೇ ಮೇಲ್ಮುಖವಾಗೇ ವಾಪಸ್ ಬರುತ್ತೆ, ಅಂದ್ರೆ ನಮ್ಮ ಹಿಂದಿನ ನೆಲ ಬಿಟ್ಟು ಅದರ ಮೇಲಿರೋ ಆಕಾಶ ಕಾಣುತ್ತೆ. ನಿಂತ್ಕೊಂಡು ತೆಗೆದ್ರೆ ಅದೇ ಜಾಗದಲ್ಲಿ ರೋಡು ಕಾಣುತ್ತೆ. ಟ್ಯಾಂಕಿನ ಕೆಳಭಾಗ ಒಳಕ್ಕೆ ಬಾಗಿರುತ್ತಲ್ಲ, ಅಲ್ಲಿ ಮಾತ್ರ ಹೇಗೆ ತೆಗೆದ್ರೂ ರೋಡೇ. ಆಕಾಶ ಮುಗಿದು ನೆಲ ಶುರುವಾಗೋ ಗೆರೆ ಟ್ಯಾಂಕ್ ಉದ್ದಕ್ಕೂ ಒಂದೇ ಸಮ ಹೋದ್ರೆ ಅದರ ಉಬ್ಬು ಎದ್ದು ಕಾಣುತ್ತೆ, ಗೆರೆ ತುಂಡಾದ್ರೆ ಟ್ಯಾಂಕ್ ನಗ್ಗಿರೋ ಹಾಗೆ ಕಾಣುತ್ತೆ.

ಹಾಗಾಗಿ ನನಗೆ ಬೇಕಾಗಿದ್ದು ಬೆನ್ನ ಹಿಂದೆ ಬಯಲು, ಗಾಡಿ ಹಿಂದೆ ಕಾಡು. ಕೊಡಗಲ್ಲಿ ಅದಕ್ಕೇನು ಬರ, ಒಂದು ಕಡೆ ಗದ್ದೆ ಇನ್ನೊಂದು ಕಡೆ ತೋಟ ಇರೋ ರೋಡು ಎಷ್ಟು ಬೇಕಾದ್ರೂ ಉಂಟು. ಪೊನ್ನಂಪೇಟೆ ಕಡೆ ಒಂದು ಒಳರಸ್ತೆ ಸಿಕ್ತು, ಗದ್ದೆ ಪಶ್ಚಿಮಕ್ಕೆ, ತೋಟ ಪೂರ್ವಕ್ಕೆ, ನಡುವೆ ಒಂದು ತಿರುವು. ತಿತಿಮತಿ ಕಡೆ ಇದಕ್ಕಿಂತ ಒಳ್ಳೆ ಜಾಗ ಇತ್ತು, ಆದ್ರೆ ಸಂಜೆ ಆದ್ಮೇಲೆ ಅಲ್ಲಿ ಆನೆ ದಾಟೋ ಟೈಮು, ನಾನು ರೋಡಲ್ಲಿ ಮಲಗಿರ್ತೀನಿ, ಬೇಡ ಅಂತ ಬಿಟ್ಟೆ. ಇಲ್ಲೂ ತಿರುವಿನ ಎರಡೂ ಬದಿಗೆ ಟಾರ್ಚ್ ಹಿಡ್ಕೊಂಡು ಒಬ್ಬೊಬ್ರು ನಿಂತಿದ್ರು, ತೋಟದ ಜೀಪ್ ಬಂದಾಗೆಲ್ಲ ಎದ್ದು ಓಡಿದ್ದು ಲೆಕ್ಕ ಇಲ್ಲ.

ಗಾಡಿ ನಿಲ್ಲಿಸೋದ್ರಲ್ಲೂ ಒಂದು ವಿಷಯ ಇದೆ. ಸೈಡ್ ಸ್ಟ್ಯಾಂಡ್ ಎಡಕ್ಕಿರುತ್ತೆ, ಗಾಡಿ ಎಡಕ್ಕೆ ವಾಲುತ್ತೆ. ಎಡದಿಂದ ತೆಗೆದ್ರೆ ಟ್ಯಾಂಕ್ ನಮ್ಮ ಕಡೆ ಬಗ್ಗಿ ಅರ್ಧಕ್ಕರ್ಧ ರೋಡೇ ತೋರಿಸುತ್ತೆ, ಬಲದಿಂದ ಅಂದ್ರೆ ಸೈಲೆನ್ಸರ್ ಕಡೆಯಿಂದ ತೆಗೆದ್ರೆ ಟ್ಯಾಂಕ್ ಆಕಾಶಕ್ಕೆ ತಿರುಗಿರುತ್ತೆ. ನಾನು ಬಲಗಡೆನೇ ಆರಿಸ್ಕೊಂಡೆ. ಆದ್ರೆ ತೀರಾ ವಾಲಿದ್ರೆ ಗತ್ತು ಹೋಗುತ್ತೆ, ಡಬಲ್ ಸ್ಟ್ಯಾಂಡ್ ಹಾಕಿದ್ರೆ ಹಿಂದಿನ ಚಕ್ರ ಗಾಳೀಲಿ ನಿಲ್ಲುತ್ತೆ. ಅದಕ್ಕೆ ಸೈಡ್ ಸ್ಟ್ಯಾಂಡ್ ಕೆಳಗೆ ಒಂದಿಂಚು ಮರದ ತುಂಡು ಇಟ್ಟು, ಬೀಳದ ಹಾಗೆ ತಮ್ಮನ್ನ ಆ ಕಡೆ ಕುಕ್ಕರುಗಾಲಲ್ಲಿ ಕೂರಿಸಿ ಹಿಂದಿನ ಹಿಡಿ ಹಿಡಿಸಿದೆ. ಚಕ್ರದ ಸಂದೀಲಿ ಅವನ ಮೊಣಕಾಲು ಕಾಣೋದು, ಆಮೇಲೆ ಅಳಿಸ್ದೆ.

ಈಗ ರೋಡು. ಒದ್ದೆ ರೋಡಲ್ಲಿ ಗಾಡಿ ಬಿಂಬ ಬೀಳ್ಬೇಕು ಅಂತ ಓನರ್ ಆಸೆ. ಸೆಪ್ಟೆಂಬರ್ ಕೊನೆ, ಮಳೆ ಬರುತ್ತೆ ಅಂತ ನಂಬ್ಕೊಂಡಿದ್ದೆ, ಜೂನಿಂದ ಬಿಡದೆ ಸುರಿದಿದ್ದು ಅವತ್ತೇ ಕೈಕೊಡ್ತು. ಪಕ್ಕದ ಮನೆಯಿಂದ ಹದಿನೈದು ಬಕೆಟ್ ನೀರು ಹೊತ್ತು ಸುರಿದ್ವಿ. ಬರೀ ಗಾಡಿ ಸುತ್ತ ಸುರಿದ್ರೆ ಒದ್ದೆ ಮುಗಿದು ಒಣ ಶುರುವಾಗೋ ಅಂಚು ಫ್ರೇಮಲ್ಲಿ ಕಂಡು ಮೋಸ ಗೊತ್ತಾಗುತ್ತೆ, ಹಾಗಾಗಿ ಕ್ಯಾಮೆರಾ ಮುಂದಿಂದ ಹಿಡಿದು ತಿರುವಿನವರೆಗೂ ನೆನೆಸ್ಬೇಕು, ಟಯರಿಗೂ ನೀರು ಹಾಕ್ಬೇಕು. ಹಳೇ ಡಾಂಬರಲ್ಲಿ ಜಲ್ಲಿ ಎದ್ದಿರುತ್ತೆ, ನೀರು ಸಂದಿಗೆ ಇಳಿದು ಬಿಂಬ ಉದ್ದುದ್ದ ಗೀಟಾಗಿ ಒಡೆದು ಕಾಣುತ್ತೆ. ಕನ್ನಡಿ ಥರ ಬೇಕಂದ್ರೆ ತಗ್ಗಲ್ಲಿ ನಿಂತ ನೀರೇ ಬೇಕು. ನಾನು ಮುಂದಿನ ಚಕ್ರದ ಎದುರು ಒಂದು ತಗ್ಗು ಸಿಗೋ ಹಾಗೆ ಗಾಡಿ ಸರಿಸಿದೆ, ಕ್ಯಾಮೆರಾನ ಇನ್ನೂ ಇಳಿಸಿ ನೀರಿಂದ ನಾಲ್ಕು ಬೆರಳು ಮೇಲಕ್ಕಿಟ್ಟೆ. ನೋಟ ನೀರಿಗೆ ಎಷ್ಟು ಸವರಿಕೊಂಡು ಹೋಗುತ್ತೋ ಅಷ್ಟು ಬಿಂಬ ಗಟ್ಟಿ.

ಇಲ್ಲಿ ನಾನು ಲೆಕ್ಕ ಹಾಕದೇ ಇದ್ದ ಒಂದು ವಿಷಯ ಬಂತು. ಟ್ಯಾಂಕ್ ನನ್ನ ಬೆನ್ನ ಹಿಂದಿದ್ದನ್ನ ತೋರಿಸಿದ್ರೆ ರೋಡು ನನ್ನ ಎದುರಿಗಿದ್ದನ್ನ ತೋರಿಸುತ್ತೆ. ಎದುರಿಗೆ ಕಪ್ಪು ತೋಟ, ಹಾಗಾಗಿ ಅಷ್ಟು ನೀರು ಹೊಯ್ದ್ರೂ ರೋಡು ಕರ್ರಗೆ ಸತ್ತ ಹಾಗೆ. ತಿರುವಿನ ಹತ್ರ ಮಾತ್ರ ಎರಡು ಕಡೆ ಮರದ ನಡುವೆ ಆಕಾಶದ ಒಂದು ಸೀಳು ಇತ್ತು, ಅದರ ಬಿಂಬ ರೋಡಿನ ಮೇಲೆ ಬಿಳಿ ಪಟ್ಟೆಯಾಗಿ ನನ್ನ ಕಡೆ ಬರ್ತಿತ್ತು. ಕ್ಯಾಮೆರಾನ ಎರಡು ಹೆಜ್ಜೆ ಎಡಕ್ಕೆ ತಂದೆ, ಪಟ್ಟೆ ಗಾಡಿ ಮುಂದಿನ ನೀರಿಗೇ ಬಂತು. ಆ ಎರಡು ಹೆಜ್ಜೆಗೆ ಹದಿನೈದು ಬಕೆಟ್ಟಿಗಿಂತ ಬೆಲೆ ಜಾಸ್ತಿ.

ಬಿಂಬ ಕಮ್ಮಿ ಮಾಡೋಕೆ ಲೆನ್ಸ್ ಮುಂದೆ ಹಾಕಿ ತಿರುಗಿಸೋ ಪೋಲರೈಸರ್ ಅನ್ನೋ ಫಿಲ್ಟರ್ ಉಂಟು, ಅದು ಹಾಕಿದ್ರೆ ಎಲ್ಲ ಸರಿಹೋಗುತ್ತೆ ಅಂತಾರೆ. ಪೇಂಟ್ ಮೇಲೆ, ನೀರಿನ ಮೇಲೆ ಕೆಲಸ ಮಾಡುತ್ತೆ ನಿಜ, ಕ್ರೋಮ್ ಮೇಲೆ ಎಷ್ಟು ತಿರುಗಿಸಿದ್ರೂ ನನ್ನ ಬಿಂಬ ಹೋಗ್ಲಿಲ್ಲ, ಲೋಹದಿಂದ ಬರೋ ಬಿಂಬಕ್ಕೆ ಅದರ ಆಟ ನಡೆಯಲ್ಲ. ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಕಪ್ಪು ರೇನ್‌ಕೋಟ್ ಹಾಕ್ಕೊಂಡು, ಹತ್ತು ಸೆಕೆಂಡ್ ಟೈಮರ್ ಇಟ್ಟು, ಗದ್ದೆ ಬದಿಗೆ ಇಳಿದು ಕೂತ್ಕೊಂಡೆ. ಸೈಲೆನ್ಸರಲ್ಲಿ ಬರೀ ಕ್ಯಾಮೆರಾದ ಸಣ್ಣ ಸ್ಟ್ಯಾಂಡು.

ಸೈಲೆನ್ಸರ್ ಉದ್ದಕ್ಕೆ ಒಂದು ಬಿಳಿ ಗೆರೆ ಬೇಕಿತ್ತು, ಅಪ್ಪನ ಬಿಳಿ ಪಂಚೆನ ಎರಡು ಬಿದಿರಿಗೆ ಕಟ್ಟಿ ಫ್ರೇಮಿನ ಹೊರಗೆ ನಿಲ್ಲಿಸಿದ್ವಿ. ಪಂಚೆ ಮಡಿಕೆ ಗೆರೆಯೆಲ್ಲ ಕ್ರೋಮಲ್ಲಿ ಬಿರುಕು ಬಿಟ್ಟ ಹಾಗೆ ಬಂತು! ಕೊನೆಗೆ ಮೀನಿನ ಅಂಗಡಿಯಿಂದ ತಂದಿದ್ದ ಥರ್ಮಕೋಲ್ ಶೀಟೇ ಗತಿ.

ಸೂರ್ಯ ಮುಳುಗಿದ್ದು ಆರೂಕಾಲರ ಸುಮಾರಿಗೆ. ಅದಾದ್ಮೇಲೆ ಇಪ್ಪತ್ತು ನಿಮಿಷ, ಅಷ್ಟೇ ಟೈಮು, ಪಶ್ಚಿಮದ ಆಕಾಶ ಪೂರ್ತಿ ಒಂದೇ ದೊಡ್ಡ ಲೈಟಾಗಿ ಟ್ಯಾಂಕಲ್ಲಿ ನುಣ್ಣಗೆ ಕೂರುತ್ತೆ. f/8, ISO 100, ಶಟರ್ ಮೊದಲು ಒಂದು ಸೆಕೆಂಡ್, ಕತ್ತಲಾಗ್ತಾ ನಾಲ್ಕು ಸೆಕೆಂಡ್‌ವರೆಗೂ ಹೋಯ್ತು. ಕ್ಯಾಮೆರಾ ಸ್ಟ್ಯಾಂಡ್ ಅಲುಗಾಡಿಸದೆ ಹೆಡ್‌ಲೈಟ್ ಆಫ್ ಇರೋದೊಂದು, ಆನ್ ಮಾಡಿ ಕಮ್ಮಿ ಟೈಮಿಗೆ ಒಂದು, ಎಂಜಿನ್ ಕತ್ತಲಲ್ಲಿ ಮುಳುಗಿತ್ತಲ್ಲ ಅದಕ್ಕೆ ಎರಡಡಿ ಎಲ್‌ಇಡಿ ಟ್ಯೂಬ್ ಹಿಡ್ಕೊಂಡು ಪಕ್ಕದಲ್ಲಿ ನಡೆದಿದ್ದೊಂದು. ಫೋಟೋಶಾಪಲ್ಲಿ ಒಂದರ ಮೇಲೊಂದು ಇಟ್ಟು `Lighten` ಹಾಕಿದ್ರೆ ಯಾವುದ್ರಲ್ಲಿ ಬೆಳಕು ಜಾಸ್ತಿ ಇದೆಯೋ ಅದು ಉಳಿಯುತ್ತೆ, ಬೇಡದ ಕಡೆ ಮಾಸ್ಕ್ ಮಾಡಿ ತೆಗೆದೆ. ಟ್ಯೂಬ್ ಹಿಡಿದ ಕೈ ಒಂದೇ ಎತ್ತರದಲ್ಲಿ ಹೋಗ್ಬೇಕು, ಮೊದಲ ಮೂರು ಸಲ ನನ್ನ ಕೈ ನಡುಗಿ ಎಂಜಿನ್ ಮೇಲೆ ಬೆಳಕು ಹಾವು ಹರಿದ ಹಾಗೆ ಬಂದಿತ್ತು.

ಅಷ್ಟರಲ್ಲಿ ಗದ್ದೆಯಿಂದ ಮಂಜು ಎದ್ದು ಟ್ಯಾಂಕ್ ಮೇಲೆಲ್ಲ ಸಣ್ಣ ಹನಿ. ದೂರದಿಂದ ಕಾಣಲ್ಲ, ಫೋಟೋದಲ್ಲಿ ಮಾತ್ರ ಟ್ಯಾಂಕ್ ಹೊಳಪು ಸತ್ತು ಬೂದು ಬಣ್ಣ ಆಗುತ್ತೆ. ಪ್ರತಿ ಶಾಟಿಗೂ ಮುಂಚೆ ಮೆತ್ತನೆ ಬಟ್ಟೇಲಿ ಒರೆಸ್ಬೇಕು, ಗಾಡಿ ಅಲ್ಲಾಡದ ಹಾಗೆ ಒರೆಸ್ಬೇಕು, ಇಲ್ಲಾಂದ್ರೆ ಫ್ರೇಮುಗಳು ಒಂದಕ್ಕೊಂದು ಕೂರಲ್ಲ. ಒಂದ್ಸಲ ಅಲ್ಲಾಡ್ತು, ಆ ಸೆಟ್ ಪೂರ್ತಿ ಬಿಸಾಕ್ದೆ.

ಉಳಿದಿದ್ದು ಎಡಿಟಿಂಗ್, ಎರಡು ರಾತ್ರಿ. ನಂಬರ್ ಪ್ಲೇಟ್, ಮರದ ತುಂಡು, ತಮ್ಮನ ಮೊಣಕಾಲು. ಗದ್ದೆ ಮೇಲೆ ಹೋಗಿದ್ದ ಕರೆಂಟ್ ತಂತಿ ಟ್ಯಾಂಕಲ್ಲಿ ಕೂದಲೆಳೆ ಥರ ಬಿದ್ದಿತ್ತು, ಜಾಗದಲ್ಲಿ ನಿಂತಾಗ ಅದು ಕಣ್ಣಿಗೇ ಬಿದ್ದಿರ್ಲಿಲ್ಲ. ಫೋಟೋ ಎಡಕ್ಕೆ ಕತ್ತಲೆ ತೋಟ ಧಾರಾಳ ಬಿಟ್ಟಿದ್ದೆ, ಶೋರೂಮ್ ಹೆಸರು, ಹಬ್ಬದ ಆಫರ್ ಎಲ್ಲ ಅಲ್ಲಿ ಕೂತ್ತು.

ದಸರಾ ವಾರ ಫ್ಲೆಕ್ಸ್ ಏರಿದ ದಿನ ಕೆಳಗೆ ನಿಂತು ನೋಡಿದೆ. ಅಷ್ಟು ದೊಡ್ಡದಾದ್ಮೇಲೆ ಸೈಲೆನ್ಸರ್ ತುದೀಲಿ ಹಳದಿ ಚುಕ್ಕೆ ಒಂದು ಕಾಣ್ತಿತ್ತು, ತಿರುವಿನಲ್ಲಿ ನಿಂತಿದ್ದ ಹುಡುಗನ ಟಾರ್ಚು. ಓನರ್ ಪಕ್ಕದಲ್ಲೇ ನಿಂತು, ಆ ಸೂರ್ಯ ಮುಳುಗೋದು ಸೈಲೆನ್ಸರಲ್ಲಿ ಬಿದ್ದಿದೆ ನೋಡಿ, ಅದೇ ನಂಗೆ ಭಾರಿ ಇಷ್ಟ ಆಯ್ತು ಅಂದ್ರು. ಹೌದು ಸರ್ ಅಂದೆ.